ಲಾಭ ಬಂದಿದೆ, ಗಲ್ಲಾದಲ್ಲಿ ಇಲ್ಲ: ಒಂದು ಟೈಲರಿಂಗ್ ಅಂಗಡಿಯ ವರ್ಷದ ಲೆಕ್ಕ

ಜಿಲ್ಲಾ ಕೇಂದ್ರವೊಂದರ ಪೇಟೆಬೀದಿಯಲ್ಲಿ ಹತ್ತಡಿ ಅಗಲದ ಲೇಡೀಸ್ ಟೈಲರಿಂಗ್ ಅಂಗಡಿ. ಒಡತಿಯೇ ಅಳತೆ ತೆಗೆದು ಕಟಿಂಗ್ ಮಾಡುತ್ತಾರೆ. ಪೀಸ್ ಲೆಕ್ಕದಲ್ಲಿ ಹೊಲಿಯುವ ಸಹಾಯಕಿ ಒಬ್ಬರಿದ್ದಾರೆ. ಹುಕ್ಸ್, ಹೆಮ್ಮಿಂಗ್ ಕೆಲಸ ಅಕ್ಕಪಕ್ಕದ ಮನೆಗಳ ಹೆಂಗಸರಿಗೆ ಹೋಗುತ್ತದೆ. 2024ರ ಏಪ್ರಿಲ್ 1ರ ಬೆಳಗ್ಗೆ ಗಲ್ಲಾ ಮತ್ತು ಬ್ಯಾಂಕ್ ಖಾತೆ ಸೇರಿ ಒಡತಿಯ ಬಳಿ 18,000 ರೂಪಾಯಿ ಇತ್ತು. ವರ್ಷವಿಡೀ ರಾತ್ರಿ ಒಂಬತ್ತರವರೆಗೆ ಮಶೀನ್ ತುಳಿದು, 2025ರ ಮಾರ್ಚ್ 31ರ ಸಂಜೆ ಎಣಿಸಿದಾಗ ಉಳಿದದ್ದು 16,000. ಎರಡು ಸಾವಿರ ಕಡಿಮೆಯೇ ಆಗಿದೆ. ಮನೆಯಲ್ಲಿ ಯಾರಾದರೂ ಕೇಳಿದರೆ ಅವರ ಬಾಯಲ್ಲಿ ಬರುವ ಮಾತು ಒಂದೇ: “ಏನೂ ಗಿಟ್ಟಲಿಲ್ಲ.”

ಆದರೆ ಇದೇ ಅಂಗಡಿಯ ಲಾಭ-ನಷ್ಟ ಪಟ್ಟಿ ಬರೆದರೆ ಆ ವರ್ಷ 1,87,500 ರೂಪಾಯಿ ಲಾಭ ಬಂದಿರುವುದು ಕಾಣುತ್ತದೆ. ಈ ಅಂಗಡಿಯನ್ನೂ ಅದರ ಅಂಕಿಗಳನ್ನೂ ಲೆಕ್ಕ ತೋರಿಸುವುದಕ್ಕಾಗಿಯೇ ಇಲ್ಲಿ ಕಟ್ಟಿಕೊಳ್ಳಲಾಗಿದೆ. ಆದರೂ ಗಲ್ಲಾ ಒಂದು ಮಾತು, ಲೆಕ್ಕ ಇನ್ನೊಂದು ಮಾತು ಹೇಳುವ ಈ ಪರಿಸ್ಥಿತಿ ಊರೂರಿನ ಟೈಲರ್ ಅಂಗಡಿಗಳಲ್ಲಿ ಇರುವಂಥದ್ದೇ. ಲಾಭದ ಹಣ ಎಲ್ಲಿ ಹೋಯಿತು ಎಂಬ ಪ್ರಶ್ನೆಗೆ ಉತ್ತರ ಬೇಕಾದರೆ ಎರಡು ಪಟ್ಟಿ ಬೇಕು. ಮೊದಲನೆಯದು ಲಾಭ-ನಷ್ಟ ಪಟ್ಟಿ. ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಎಷ್ಟು ದುಡಿಮೆಯಾಯಿತು, ಅದಕ್ಕೆ ಎಷ್ಟು ಖರ್ಚಾಯಿತು ಎಂಬುದನ್ನು ಅದು ಹೇಳುತ್ತದೆ. ಎರಡನೆಯದು ಆಸ್ತಿ-ಹೊಣೆ ಪಟ್ಟಿ, ಎಲ್ಲರ ಬಾಯಲ್ಲಿರುವ ಹೆಸರಿನಲ್ಲಿ ಬ್ಯಾಲೆನ್ಸ್ ಶೀಟ್. ಮಾರ್ಚ್ 31ರ ಆ ಒಂದು ದಿನ ಅಂಗಡಿಗೆ ಏನೇನು ಇದೆ, ಅಂಗಡಿ ಯಾರ್ಯಾರಿಗೆ ಎಷ್ಟು ಕೊಡಬೇಕು ಎಂಬುದು ಅದರಲ್ಲಿ ಇರುತ್ತದೆ.

ಇವನ್ನು ಬರೆಯಲು ಬೇಕಾದ ಮಾಹಿತಿಯ ಬಹುಪಾಲು ಟೈಲರ್ ಅಂಗಡಿಯಲ್ಲಿ ಆಗಲೇ ಇರುತ್ತದೆ. ಗಿರಾಕಿ ಬಟ್ಟೆ ಕೊಟ್ಟಾಗ ಬಿಲ್ ಬುಕ್ಕಿನಲ್ಲಿ ಹೆಸರು, ಅಳತೆ, ಕೊಡುವ ದಿನ, ಮಜೂರಿ, ಪಡೆದ ಅಡ್ವಾನ್ಸ್ ಬರೆಯುತ್ತಾರೆ. ಒಂದು ಪ್ರತಿ ಗಿರಾಕಿಗೆ ಹೋಗುತ್ತದೆ. ಅಂಗಡಿಯ ಪ್ರತಿಗೆ ಬಟ್ಟೆಯ ಸಣ್ಣ ತುಂಡೊಂದನ್ನು ಕತ್ತರಿಸಿ ಪಿನ್ ಚುಚ್ಚುತ್ತಾರೆ, ಯಾರ ಬಟ್ಟೆ ಯಾವುದು ಎಂದು ಗೊತ್ತಾಗಲಿ ಎಂದು. ಲೆಕ್ಕ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ದಾಖಲೆ ಸಿಗುವುದು ಕಷ್ಟ. ಅದರ ಮೇಲೆ ಇನ್ನೆರಡು ದಿನಾಂಕ ಸೇರಿಸಬೇಕು ಅಷ್ಟೆ: ಹೊಲಿದು ಮುಗಿಸಿದ್ದು ಎಂದು, ಬಾಕಿ ಹಣ ಬಂದದ್ದು ಎಂದು. ಇದರ ಜೊತೆಗೆ ದಿನದ ಜಮಾ-ಖರ್ಚಿನ ಪುಸ್ತಕ ಒಂದಿರಬೇಕು, ಲೈನಿಂಗ್ ಅಂಗಡಿಯ ಬಿಲ್ಲುಗಳನ್ನು ಚುಚ್ಚಿಡುವ ತಂತಿ ಒಂದಿರಬೇಕು. ಯುಪಿಐನಲ್ಲಿ ಬರುವ ಹಣ ಗಂಡನ ಅಥವಾ ಮಗನ ಫೋನಿಗೆ ಹೋಗದೆ ಒಂದೇ ಖಾತೆಗೆ ಬಿದ್ದರೆ ಅರ್ಧ ತಲೆನೋವು ಅಲ್ಲಿಗೇ ಮುಗಿಯುತ್ತದೆ.

ಮೊದಲು ಆದಾಯ. ಕೇಳಲು ಸುಲಭವಾದರೂ ಟೈಲರಿಂಗಿನಲ್ಲಿ ಹೆಚ್ಚು ಜನ ತಪ್ಪುವುದು ಇಲ್ಲೇ. “ಅಕ್ಕಾ, ಐನೂರು ಇಟ್ಕೊಂಡಿರಿ, ಮದುವೆಗೆ ಒಂದು ವಾರ ಮುಂಚೆ ಕೊಟ್ಬಿಡಿ” ಎಂದು ಗಿರಾಕಿ ಹಣ ಕೊಟ್ಟು ಹೋದರೆ ಆ ಐನೂರು ಆದಾಯವೇ? ಅಲ್ಲ. ಬಟ್ಟೆಗೆ ಇನ್ನೂ ಕತ್ತರಿಯೇ ಬಿದ್ದಿಲ್ಲ. ನಾಳೆ ಮದುವೆ ಮುಂದೆ ಹೋಯಿತೆಂದು ಗಿರಾಕಿ ಬಟ್ಟೆ ವಾಪಸ್ ಕೇಳಿದರೆ ಆ ಐನೂರನ್ನೂ ವಾಪಸ್ ಕೊಡಬೇಕಾಗುತ್ತದೆ. ಹೊಲಿಗೆ ಮುಗಿಯುವವರೆಗೆ ಅದು ಗಿರಾಕಿಯದ್ದೇ ಹಣ, ಅಂಗಡಿಯ ಮಟ್ಟಿಗೆ ಅದೊಂದು ಹೊಣೆ. ಇದರ ಇನ್ನೊಂದು ಮುಖವೂ ಇದೆ. ಹೊಲಿದು, ಇಸ್ತ್ರಿ ಮಾಡಿ, ಹ್ಯಾಂಗರಿಗೆ ಹಾಕಿದ ರವಿಕೆಯನ್ನು ಗಿರಾಕಿ ಇನ್ನೂ ಒಯ್ದಿಲ್ಲ, ಹಣವೂ ಬಂದಿಲ್ಲ. ಅಲ್ಲಿ ಕೆಲಸ ಮುಗಿದಿದೆ, ಮಜೂರಿ ಕೇಳುವ ಹಕ್ಕು ಹುಟ್ಟಿದೆ. ಆದ್ದರಿಂದ ಅದು ಆದಾಯ, ಬರಬೇಕಾದ ಬಾಕಿ. ಹಣ ಬಂದ ದಿನವನ್ನು ಬಿಟ್ಟು ಹೊಲಿದು ಮುಗಿಸಿದ ದಿನವನ್ನು ಹಿಡಿಯುವುದು ಎಂಬ ಒಂದೇ ನಿಯಮವನ್ನು ವರ್ಷವಿಡೀ ಪಾಲಿಸಿದರೆ ಸಾಕು.

ಮಾರ್ಚ್ ಕೊನೆಯಲ್ಲಿ ಈ ವ್ಯತ್ಯಾಸ ಸಣ್ಣದಾಗಿರುವುದಿಲ್ಲ. 2025ರಲ್ಲಿ ಯುಗಾದಿ ಮಾರ್ಚ್ 30ಕ್ಕೆ, ರಂಜಾನ್ 31ಕ್ಕೆ ಬಂದಿತ್ತು. ಹಬ್ಬದ ಬಟ್ಟೆ ಒಯ್ದವರ ಉದ್ರಿ ಒಂದು ಕಡೆ, ಏಪ್ರಿಲ್-ಮೇ ಮದುವೆಗಳಿಗೆಂದು ಬಂದ ಅಡ್ವಾನ್ಸ್ ಇನ್ನೊಂದು ಕಡೆ. ವರ್ಷದ ಲೆಕ್ಕ ಮುಚ್ಚುವ ದಿನವೇ ಈ ಎರಡೂ ತುಂಬಿಕೊಂಡಿರುತ್ತವೆ.

ನಮ್ಮ ಅಂಗಡಿಯ ಬಿಲ್ ಬುಕ್ ಪ್ರಕಾರ ವರ್ಷದಲ್ಲಿ ಮುಗಿದ ಕೆಲಸ ಹೀಗಿದೆ. ಲೈನಿಂಗ್ ರವಿಕೆ 620, ತಲಾ 450ರಂತೆ 2,79,000. ಸಾದಾ ರವಿಕೆ 300, ತಲಾ 250ರಂತೆ 75,000. ಚೂಡಿದಾರ್ 180, ತಲಾ 500ರಂತೆ 90,000. ಸೀರೆಗೆ ಫಾಲ್, ಜಿಗ್‌ಜಾಗ್, ಕುಚ್ಚು, ಜೊತೆಗೆ ಆಲ್ಟ್ರೇಷನ್ ಎಲ್ಲ ಸೇರಿ 56,000. ಒಟ್ಟು ಸರಿಯಾಗಿ ಐದು ಲಕ್ಷ.

ಖರ್ಚಿನಲ್ಲಿ ಮೊದಲು ಬರುವುದು ಸಾಮಾನು: ಲೈನಿಂಗ್ ಬಟ್ಟೆ, ದಾರ, ಹುಕ್ಸ್, ಫಾಲ್, ಪೈಪಿಂಗ್, ಕ್ಯಾನ್ವಾಸ್. ವರ್ಷದಲ್ಲಿ 82,000 ರೂಪಾಯಿಯ ಸಾಮಾನು ತಂದಿದ್ದಾರೆ. ಅಷ್ಟನ್ನೂ ಖರ್ಚೆಂದು ಬರೆಯುವಂತಿಲ್ಲ, ಏಕೆಂದರೆ ತಂದದ್ದೆಲ್ಲ ಹೊಲಿಗೆಗೆ ಹೋಗಿಲ್ಲ. ವರ್ಷದ ಮೊದಲಿಗೆ 14,000ದ ದಾಸ್ತಾನು ಇತ್ತು. ಅದಕ್ಕೆ 82,000 ಸೇರಿಸಿದರೆ 96,000. ಮಾರ್ಚ್ 31ರಂದು ಎಣಿಸಿ ನೋಡಿದಾಗ 16,000ದ ಸಾಮಾನು ಉಳಿದಿತ್ತು. ಅಂದರೆ ನಿಜವಾಗಿ ಬಳಕೆಯಾದದ್ದು 80,000. ಈ ಎಣಿಕೆಗೆ ಅರ್ಧ ದಿನ ಬೇಕು. ಲೈನಿಂಗನ್ನು ಮೀಟರಿನಲ್ಲಿ ಅಳೆಯಬೇಕು, ಒಡೆಯದ ದಾರದ ಡಬ್ಬಿಗಳನ್ನು ಎಣಿಸಬೇಕು, ಅರ್ಧ ಮುಗಿದ ರೀಲುಗಳಿಗೆ ಅಂದಾಜು ಸಾಕು. ಬೆಲೆ ಹಾಕುವಾಗ ತಂದ ದರವನ್ನೇ ಹಾಕಬೇಕು. ಬಣ್ಣ ಹಳತಾಗಿ ಯಾರೂ ಕೇಳದ ಲೈನಿಂಗ್ ಇದ್ದರೆ ಇವತ್ತು ಸಿಗಬಹುದಾದ ಕಡಿಮೆ ಬೆಲೆಯನ್ನು ಹಾಕಬೇಕು. ಅರ್ಧ ಹೊಲಿದು ನಿಂತ ರವಿಕೆಗಳಿದ್ದರೆ ಅವುಗಳಿಗೆ ಹಾಕಿದ ಲೈನಿಂಗನ್ನು ದಾಸ್ತಾನಿನಲ್ಲೇ ಸೇರಿಸಿದರೆ ಸಣ್ಣ ಅಂಗಡಿಗೆ ಅಷ್ಟೇ ಸಾಕು.

ಮಜೂರಿಯಲ್ಲಿ ಸಹಾಯಕಿಗೆ 96,000, ಹುಕ್ಸ್-ಹೆಮ್ಮಿಂಗ್ ಮಾಡುವವರಿಗೆ 24,000, ಸೇರಿ 1,20,000. ಇದರಲ್ಲಿ ಮಾರ್ಚ್ ಕೊನೆಯ ವಾರದ 4,000 ಇನ್ನೂ ಕೊಟ್ಟಿಲ್ಲ. ಆದರೂ ಆ ಕೆಲಸ ಮಾರ್ಚ್‌ನಲ್ಲೇ ಆಗಿರುವುದರಿಂದ ಖರ್ಚು ಈ ವರ್ಷದ್ದೇ. ಬಾಡಿಗೆ ತಿಂಗಳಿಗೆ 5,000ದಂತೆ 60,000. ಕರೆಂಟ್ ಬಿಲ್ 14,400. ಮಶೀನ್ ರಿಪೇರಿ, ಸೂಜಿ, ಎಣ್ಣೆ, ಬಾಬಿನ್ ಎಂದು 7,600. ಫೋನ್, ಕವರ್, ಚಹಾ ಮುಂತಾದವು 8,000.

ಮುಂದಿನ ಮೂರು ಬಾಬತ್ತುಗಳಲ್ಲಿ ನಿಧಾನಿಸಬೇಕು. ಜೂನ್‌ನಲ್ಲಿ ಒಡತಿ 30,000 ಕೊಟ್ಟು ಹೊಸ ಪವರ್ ಮಶೀನ್ ತಂದಿದ್ದಾರೆ. ಹಣ ಗಲ್ಲಾದಿಂದ ಹೋಗಿದೆ ನಿಜ, ಆದರೆ ಮಶೀನ್ ಇನ್ನೂ ಹಲವಾರು ವರ್ಷ ಹೊಲಿಯುತ್ತದೆ. ಆದ್ದರಿಂದ ಮೂವತ್ತು ಸಾವಿರವನ್ನೂ ಈ ಒಂದೇ ವರ್ಷದ ತಲೆಗೆ ಕಟ್ಟುವುದು ತಪ್ಪು. ವರ್ಷದ ಬಳಕೆಯಲ್ಲಿ ಸವೆದಷ್ಟನ್ನು ಮಾತ್ರ ಖರ್ಚು ಹಾಕುತ್ತಾರೆ. ಅದಕ್ಕೆ ಸವಕಳಿ ಎಂದು ಹೆಸರು. ಆದಾಯ ತೆರಿಗೆ ನಿಯಮಗಳಲ್ಲಿ ಇಂಥ ಯಂತ್ರಗಳಿಗೆ ಶೇ 15, ಪೀಠೋಪಕರಣಗಳಿಗೆ ಶೇ 10 ದರವಿದೆ. ಪ್ರತಿ ವರ್ಷ ಉಳಿದ ಬೆಲೆಯ ಮೇಲೆ ಇದನ್ನು ಕಳೆಯುತ್ತಾ ಹೋಗಬೇಕು. ಕೊಂಡ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅರ್ಧ ದರ. ಈ ಮಶೀನ್ ಜೂನ್‌ನಲ್ಲೇ ಬಂದದ್ದರಿಂದ ಪೂರ್ತಿ ದರ. ಹಳೆಯ ಮಶೀನು, ಓವರ್‌ಲಾಕ್ ಮಶೀನುಗಳ ಬೆಲೆ 60,000, ಹೊಸದು 30,000, ಸೇರಿ 90,000. ಅದರ ಶೇ 15 ಎಂದರೆ 13,500. ಕಟಿಂಗ್ ಟೇಬಲ್, ಕನ್ನಡಿ, ರ‍್ಯಾಕ್‌ಗಳ ಬೆಲೆ 20,000, ಅದರ ಶೇ 10 ಎಂದರೆ 2,000. ಒಟ್ಟು ಸವಕಳಿ 15,500.

ಎರಡನೆಯದು ಬ್ಯಾಂಕ್ ಸಾಲದ ಕಂತು. ತಿಂಗಳಿಗೆ 3,000ದಂತೆ ವರ್ಷಕ್ಕೆ 36,000 ಕಟ್ಟಿದ್ದಾರೆ. ಇದರಲ್ಲಿ ಬಡ್ಡಿ 5,000, ಅಸಲು 31,000. ಬಡ್ಡಿ ಮಾತ್ರ ಖರ್ಚು. ಅಸಲು ತೀರಿಸುವುದೆಂದರೆ ಪಡೆದದ್ದನ್ನು ಹಿಂದಿರುಗಿಸುವುದು, ಅದು ಖರ್ಚಲ್ಲ. ಸಾಲ ಬಂದ ದಿನ ಅದನ್ನು ಆದಾಯ ಎಂದು ಯಾರೂ ಬರೆಯಲಿಲ್ಲವಲ್ಲ. ಯಾವ ಕಂತಿನಲ್ಲಿ ಎಷ್ಟು ಬಡ್ಡಿ ಎಂಬುದು ಪಾಸ್‌ಬುಕ್ಕಿನಲ್ಲಿ ಕಾಣದಿದ್ದರೆ ಸಾಲದ ಖಾತೆಯ ವಿವರವನ್ನು ಬ್ಯಾಂಕಿನಿಂದ ಕೇಳಿ ಪಡೆಯಬಹುದು.

ಮೂರನೆಯದು ಮನೆ ಖರ್ಚು. ರೇಷನ್, ಮಕ್ಕಳ ಫೀಸು, ಊರಿಗೆ ಹೋಗುವ ಬಸ್ ಚಾರ್ಜು ಎಂದು ಒಡತಿ ತಿಂಗಳಿಗೆ ಸರಾಸರಿ 12,000ದಂತೆ ವರ್ಷಕ್ಕೆ 1,44,000 ತೆಗೆದುಕೊಂಡಿದ್ದಾರೆ. ಇದು ಅಂಗಡಿಯ ಖರ್ಚಲ್ಲ, ಒಡತಿ ತಮ್ಮ ಬಂಡವಾಳದಿಂದ ಹಿಂದಕ್ಕೆ ಪಡೆದ ಹಣ. ಲಾಭ-ನಷ್ಟ ಪಟ್ಟಿಯಲ್ಲಿ ಇದಕ್ಕೆ ಜಾಗವಿಲ್ಲ.

ಕೊನೆಗೊಂದು ಸಣ್ಣ ಬಾಬತ್ತು. ವರ್ಷಕ್ಕಿಂತ ಹೆಚ್ಚು ಕಾಲದಿಂದ ಹ್ಯಾಂಗರಿನಲ್ಲೇ ಇರುವ ರವಿಕೆಗಳಿವೆ, ಫೋನ್ ಮಾಡಿದರೂ ಗಿರಾಕಿ ಬರುತ್ತಿಲ್ಲ. ಅವುಗಳಿಂದ ಬರಬೇಕಾದ 2,000 ಬರುವ ನಂಬಿಕೆಯಿಲ್ಲ. ಇಂಥದ್ದನ್ನು ವರ್ಷದಿಂದ ವರ್ಷಕ್ಕೆ ಬಾಕಿ ಎಂದು ಎಳೆದುಕೊಂಡು ಹೋದರೆ ಲೆಕ್ಕವೇ ಸುಳ್ಳಾಗುತ್ತದೆ. ಅದನ್ನು ವಸೂಲಾಗದ ಬಾಕಿ ಎಂದು ಖರ್ಚಿಗೆ ಬರೆದುಬಿಡುವುದು ಒಳ್ಳೆಯದು.

ಈಗ ಪಟ್ಟಿ ಸಿದ್ಧ.

ಲಾಭ-ನಷ್ಟ ಪಟ್ಟಿ, 1-4-2024ರಿಂದ 31-3-2025ರವರೆಗೆ (ರೂ.)

ಹೊಲಿಗೆಯ ಆದಾಯ: 5,00,000
ಕಳೆಯಿರಿ:
ಬಳಕೆಯಾದ ಸಾಮಾನು: 80,000
ಮಜೂರಿ: 1,20,000
ಬಾಡಿಗೆ: 60,000
ಕರೆಂಟ್: 14,400
ರಿಪೇರಿ, ಸೂಜಿ, ಎಣ್ಣೆ: 7,600
ಇತರೆ: 8,000
ಸಾಲದ ಬಡ್ಡಿ: 5,000
ಸವಕಳಿ: 15,500
ವಸೂಲಾಗದ ಬಾಕಿ: 2,000
ಒಟ್ಟು ಖರ್ಚು: 3,12,500
ನಿವ್ವಳ ಲಾಭ: 1,87,500

ಈ ಲಾಭದಲ್ಲಿ ಒಡತಿಯ ದುಡಿಮೆಯ ಕೂಲಿಯೂ ಸೇರಿಕೊಂಡಿದೆ ಎಂಬುದನ್ನು ಮರೆಯಬಾರದು. ಒಬ್ಬರೇ ನಡೆಸುವ ಅಂಗಡಿಯಲ್ಲಿ ಯಜಮಾನರಿಗೆ ಸಂಬಳವೆಂದು ಖರ್ಚು ಹಾಕುವ ಪದ್ಧತಿಯಿಲ್ಲ. ಇದೇ ಕೆಲಸವನ್ನು ಬೇರೆಯವರ ಅಂಗಡಿಯಲ್ಲಿ ಮಾಡಿ ತಿಂಗಳಿಗೆ 12,000 ಪಡೆಯಬಹುದಿತ್ತು ಎಂದುಕೊಂಡರೆ ಅಂಗಡಿ ನಡೆಸಿದ್ದಕ್ಕೆ, ಹಣ ಹೂಡಿದ್ದಕ್ಕೆ, ತಲೆಬಿಸಿ ಹೊತ್ತದ್ದಕ್ಕೆ ಹೆಚ್ಚಾಗಿ ಸಿಕ್ಕಿದ್ದು 43,500. ಸಣ್ಣ ಮೊತ್ತವಲ್ಲ, ಆದರೆ 1,87,500ನ್ನು ನೋಡಿ ಹಿಗ್ಗುವ ಮುಂಚೆ ಈ ಕಳೆಯುವ ಲೆಕ್ಕವನ್ನೂ ಮಾಡಿ ನೋಡಬೇಕು.

ಇನ್ನು ಬ್ಯಾಲೆನ್ಸ್ ಶೀಟ್. ಇದಕ್ಕೆ ಮಾರ್ಚ್ 31ರ ಸಂಜೆ ಅಂಗಡಿಯ ನಡುವೆ ನಿಂತು ಸುತ್ತ ನೋಡುವುದೇ ಸರಿಯಾದ ಆರಂಭ. ಎದುರಿಗೆ ಮಶೀನುಗಳಿವೆ. ಸವಕಳಿ ಕಳೆದು ಅವುಗಳ ಬೆಲೆ 76,500. ಟೇಬಲ್, ಕನ್ನಡಿ, ರ‍್ಯಾಕ್ 18,000. ಡ್ರಾಯರಿನಲ್ಲಿ ಲೈನಿಂಗ್, ದಾರ 16,000. ಗಲ್ಲಾ ಮತ್ತು ಬ್ಯಾಂಕಿನಲ್ಲಿ 16,000. ಕಣ್ಣಿಗೆ ಕಾಣದ ಎರಡು ಆಸ್ತಿಗಳೂ ಇವೆ. ಗಿರಾಕಿಗಳಿಂದ ಬರಬೇಕಾದ 18,000 ಬಿಲ್ ಬುಕ್ಕಿನಲ್ಲಿದೆ. ಅಂಗಡಿ ಹಿಡಿದಾಗ ಕಟ್ಟಡದ ಮಾಲೀಕರಿಗೆ ಕೊಟ್ಟ 50,000 ಅಡ್ವಾನ್ಸ್ ಕರಾರುಪತ್ರದಲ್ಲಿದೆ. ಹಣ ಕೊಟ್ಟು ವರ್ಷಗಳಾದ ಕಾರಣ ಅನೇಕರು ಇದನ್ನು ಮರೆತೇಬಿಡುತ್ತಾರೆ. ಅಂಗಡಿ ಬಿಟ್ಟಾಗ ವಾಪಸ್ ಬರುವ ಹಣವಾದ್ದರಿಂದ ಅದು ಆಸ್ತಿಯೇ.

ರ‍್ಯಾಕ್ ತುಂಬ ಇರುವ ಸೀರೆ, ರವಿಕೆ ಬಟ್ಟೆ, ಚೂಡಿದಾರ್ ಮೆಟೀರಿಯಲ್ ಮಾತ್ರ ಈ ಪಟ್ಟಿಗೆ ಬರುವುದಿಲ್ಲ. ಅಂಗಡಿಯಲ್ಲಿ ಅತಿ ಬೆಲೆಬಾಳುವ ವಸ್ತು ಅದೇ ಆಗಿರಬಹುದು. ಒಂದು ಮದುವೆ ಸೀರೆಯ ಬೆಲೆ ಒಂದು ಹೊಲಿಗೆ ಮಶೀನಿನ ಬೆಲೆಯನ್ನು ಮೀರಬಹುದು. ಆದರೆ ಅದು ಗಿರಾಕಿಯ ಸ್ವತ್ತು, ಹೊಲಿಯಲೆಂದು ಅಂಗಡಿಯಲ್ಲಿ ಇಟ್ಟದ್ದು ಅಷ್ಟೆ. ಅದನ್ನು ದಾಸ್ತಾನಿಗೆ ಸೇರಿಸಿದರೆ ಇಲ್ಲದ ಶ್ರೀಮಂತಿಕೆ ತೋರಿಸಿದಂತೆ. ಒಂದೇ ಸಂದರ್ಭದಲ್ಲಿ ಆ ಬಟ್ಟೆ ಅಂಗಡಿಯ ಲೆಕ್ಕಕ್ಕೆ ಬರುತ್ತದೆ. ಕಟಿಂಗ್ ತಪ್ಪಿ ರೇಷ್ಮೆ ಬಟ್ಟೆ ಹಾಳಾಗಿ 1,500 ಕಟ್ಟಿಕೊಡುತ್ತೇನೆಂದು ಮಾರ್ಚ್‌ನಲ್ಲಿ ಒಪ್ಪಿದ್ದರೆ, ಹಣ ಇನ್ನೂ ಕೊಡದಿದ್ದರೂ ಅದು ಆ ವರ್ಷದ ಖರ್ಚಾಗುತ್ತದೆ, ಮಾರ್ಚ್ 31ರ ಹೊಣೆಯೂ ಆಗುತ್ತದೆ. ಈ ಅಂಗಡಿಯಲ್ಲಿ ಅಂಥದ್ದು ಆಗಿಲ್ಲ.

ಕೊಡಬೇಕಾದದ್ದು ನಾಲ್ಕು ಕಡೆ ಇದೆ. ಬ್ಯಾಂಕ್ ಸಾಲ ವರ್ಷದ ಆರಂಭದಲ್ಲಿ 61,000 ಇದ್ದದ್ದು ಅಸಲಿನ ಕಂತು ಕಟ್ಟಿದ್ದರಿಂದ 30,000ಕ್ಕೆ ಇಳಿದಿದೆ. ಹೊಲಿಯದ ಬಟ್ಟೆಗಳಿಗೆ ಪಡೆದ ಅಡ್ವಾನ್ಸ್ 9,000. ಲೈನಿಂಗ್ ಅಂಗಡಿಗೆ ಕೊಡಬೇಕಾದದ್ದು 8,000. ಮಜೂರಿ ಬಾಕಿ 4,000.

ಬ್ಯಾಲೆನ್ಸ್ ಶೀಟ್, 31-3-2025 (ರೂ.)

ಆಸ್ತಿಗಳು
ಮಶೀನುಗಳು: 76,500
ಪೀಠೋಪಕರಣ: 18,000
ಅಂಗಡಿ ಅಡ್ವಾನ್ಸ್: 50,000
ಸಾಮಾನಿನ ದಾಸ್ತಾನು: 16,000
ಗಿರಾಕಿಗಳಿಂದ ಬರಬೇಕಾದದ್ದು: 18,000
ನಗದು ಮತ್ತು ಬ್ಯಾಂಕ್: 16,000
ಒಟ್ಟು: 1,94,500

ಹೊಣೆಗಳು ಮತ್ತು ಬಂಡವಾಳ
ಬ್ಯಾಂಕ್ ಸಾಲ: 30,000
ಗಿರಾಕಿಗಳ ಅಡ್ವಾನ್ಸ್: 9,000
ಲೈನಿಂಗ್ ಅಂಗಡಿಗೆ: 8,000
ಮಜೂರಿ ಬಾಕಿ: 4,000
ಒಡತಿಯ ಬಂಡವಾಳ: 1,43,500
ಒಟ್ಟು: 1,94,500

ಕೊನೆಯ ಸಾಲಿನ 1,43,500 ಎಲ್ಲಿಂದ ಬಂತು? ಆಸ್ತಿ 1,94,500ರಲ್ಲಿ ಹೊರಗಿನವರಿಗೆ ಕೊಡಬೇಕಾದ 51,000 ಕಳೆದರೆ ಉಳಿಯುವುದು ಅಷ್ಟೇ. ಆದರೆ ಹೀಗೆ ಕಳೆದು ಉಳಿದದ್ದನ್ನು ಬಂಡವಾಳ ಎಂದು ಬರೆದು ಎರಡೂ ಬದಿ ಸರಿಹೋಯಿತು ಎಂದರೆ ಅದು ಲೆಕ್ಕ ತಾಳೆ ನೋಡಿದಂತಾಗಲಿಲ್ಲ. ತಪ್ಪು ಎಷ್ಟೇ ಇದ್ದರೂ ಆ ರೀತಿಯಲ್ಲಿ ಬದಿಗಳು ಸರಿಹೋಗಿಯೇ ಹೋಗುತ್ತವೆ. ನಿಜವಾದ ತಾಳೆ ಇನ್ನೊಂದು ದಾರಿಯಿಂದ ಬರಬೇಕು. ವರ್ಷದ ಆರಂಭದಲ್ಲಿ ಇದೇ ರೀತಿ ಲೆಕ್ಕ ಹಾಕಿದಾಗ ಆಸ್ತಿ 1,72,000, ಹೊಣೆ 72,000 ಇದ್ದು ಬಂಡವಾಳ ಒಂದು ಲಕ್ಷವಿತ್ತು. ಅದಕ್ಕೆ ವರ್ಷದ ಲಾಭ 1,87,500 ಸೇರಿಸಿ, ಮನೆಗೆ ಒಯ್ದ 1,44,000 ಕಳೆದರೆ 1,43,500. ಬೇರೆ ಬೇರೆ ದಾರಿಯಿಂದ ಬಂದ ಎರಡು ಅಂಕಿಗಳು ಒಂದೇ ಆಗಿರುವುದರಿಂದ ಲೆಕ್ಕವನ್ನು ನಂಬಬಹುದು.

ಅಂಗಡಿಯ ಹಣ ಎಲ್ಲಿ ಹೋಯಿತು ಎಂಬುದಕ್ಕೆ ಈಗ ಉತ್ತರವಿದೆ. ಲಾಭ 1,87,500. ಸವಕಳಿ 15,500 ಖರ್ಚೆಂದು ಬರೆದರೂ ಆ ಹಣ ಯಾರ ಕೈಗೂ ಹೋಗಿಲ್ಲ, ಆದ್ದರಿಂದ ಅದನ್ನು ತಿರುಗಿ ಸೇರಿಸಬೇಕು. ಅಲ್ಲಿಗೆ 2,03,000. ಇದರಲ್ಲಿ ಮನೆಗೆ 1,44,000, ಸಾಲದ ಅಸಲಿಗೆ 31,000, ಹೊಸ ಮಶೀನಿಗೆ 30,000, ಒಟ್ಟು 2,05,000 ಹೊರಹೋಗಿದೆ. ಗಲ್ಲಾದಲ್ಲಿ ಎರಡು ಸಾವಿರ ಕಡಿಮೆಯಾದದ್ದು ಹೀಗೆ. ಉದ್ರಿ 8,000, ದಾಸ್ತಾನು 2,000 ಹೆಚ್ಚಾಗಿ ಹಣವನ್ನು ಹಿಡಿದುಕೊಂಡವು. ಅಡ್ವಾನ್ಸ್ 3,000, ಲೈನಿಂಗ್ ಅಂಗಡಿಯ ಬಾಕಿ 3,000, ಮಜೂರಿ ಬಾಕಿ 4,000 ಹೆಚ್ಚಾಗಿ ಅಷ್ಟೇ ಹಣವನ್ನು ಬಿಟ್ಟುಕೊಟ್ಟವು. ಈ ಐದು ಒಂದಕ್ಕೊಂದು ಸರಿಹೋಗಿವೆ. ಒಡತಿಗೆ ಏನೂ ಗಿಟ್ಟಲಿಲ್ಲ ಎಂಬುದು ನಿಜವಲ್ಲ. ಮನೆ ನಡೆದಿದೆ, ಸಾಲ ಅರ್ಧಕ್ಕಿಂತ ಕೆಳಗಿಳಿದಿದೆ, ಹೊಸ ಮಶೀನ್ ಬಂದಿದೆ.

ಎಲ್ಲರ ಲೆಕ್ಕವೂ ಮೊದಲ ಸಲಕ್ಕೇ ಹೀಗೆ ಕೂಡಿ ಬರುವುದಿಲ್ಲ. ಎರಡು ದಾರಿಯ ಬಂಡವಾಳದ ನಡುವೆ ವ್ಯತ್ಯಾಸ ಬಂದರೆ ಆ ಮೊತ್ತವನ್ನೇ ದಿಟ್ಟಿಸಿ ನೋಡಬೇಕು, ತಪ್ಪಿನ ಸುಳಿವು ಅದರಲ್ಲೇ ಇರುತ್ತದೆ. ವ್ಯತ್ಯಾಸ 8,000 ಬಂದರೆ ಅದರ ಅರ್ಧ 4,000 ಪಟ್ಟಿಯಲ್ಲಿ ಎಲ್ಲಿದೆ ಎಂದು ಹುಡುಕಬೇಕು. ಕೊಡಬೇಕಾದ ಮಜೂರಿ ಬಾಕಿಯನ್ನು ಬರಬೇಕಾದ ಕಡೆ ಬರೆದಿರಬಹುದು. ವ್ಯತ್ಯಾಸವು ಒಂಬತ್ತರಿಂದ ಭಾಗವಾದರೆ ಅಂಕಿ ಅದಲುಬದಲಾಗಿರುವ ಸಾಧ್ಯತೆ ಹೆಚ್ಚು. ರಿಪೇರಿಯ 7,600ನ್ನು 6,700 ಎಂದು ಬರೆದಿದ್ದರೆ ವ್ಯತ್ಯಾಸ 900 ಬರುತ್ತದೆ. ಇವೆರಡೂ ಅಲ್ಲದೆ ಒಂದು ದೊಡ್ಡ ಮೊತ್ತ ಕಾಣೆಯಾಗಿದ್ದರೆ, ಅದರಲ್ಲೂ ಲೆಕ್ಕದ ಪ್ರಕಾರ ಇರಬೇಕಾದ ಹಣಕ್ಕಿಂತ ಗಲ್ಲಾದಲ್ಲಿ ಇರುವುದು ಕಡಿಮೆಯಾದರೆ, ಮೊದಲು ಅನುಮಾನಿಸಬೇಕಾದದ್ದು ಬರೆದಿಡದ ಮನೆ ಖರ್ಚನ್ನು. ಸಂಜೆ ತರಕಾರಿಗೆಂದು ಗಲ್ಲಾದಿಂದ ತೆಗೆದ ನೂರು ರೂಪಾಯಿ ತಿಂಗಳಿಗೆ ಮೂರು ಸಾವಿರ, ವರ್ಷಕ್ಕೆ 36,000 ಆಗುತ್ತದೆ. ಅದನ್ನು ತೆಗೆಯಬಾರದು ಎಂದಲ್ಲ, ತೆಗೆದ ದಿನವೇ ಬರೆದಿಡಬೇಕು. ಅಂಗಡಿ ಮನೆಯ ಮುಂಭಾಗದಲ್ಲೇ ಇದ್ದರೆ ಕರೆಂಟ್ ಬಿಲ್ಲಿನಲ್ಲಿ ಅಂಗಡಿಯ ಪಾಲೆಷ್ಟು ಎಂದು ಒಮ್ಮೆ ನಿರ್ಧರಿಸಿ, ಪ್ರತಿ ತಿಂಗಳೂ ಅದೇ ಪ್ರಮಾಣದಲ್ಲಿ ಹಂಚಬೇಕು.

ಲಾಭ-ನಷ್ಟ ಪಟ್ಟಿಯಿಂದ ಸಿಗುವ ದೊಡ್ಡ ಉಪಯೋಗ ಬಹುಶಃ ದರ ನಿಗದಿಯದ್ದು. ಸಾಮಾನು ಮತ್ತು ಮಜೂರಿ ಬಿಟ್ಟು ಉಳಿದ ಖರ್ಚುಗಳನ್ನು ಕೂಡಿದರೆ 1,12,500. ರವಿಕೆ, ಚೂಡಿದಾರ್ ಸೇರಿ ವರ್ಷಕ್ಕೆ ಹೊಲಿದದ್ದು 1,100. ಅಂದರೆ ಒಂದೊಂದು ಬಟ್ಟೆಯ ಮೇಲೂ ಸುಮಾರು 102 ರೂಪಾಯಿ ಬಾಡಿಗೆ, ಕರೆಂಟ್, ಸವಕಳಿಯ ಭಾರ ಕೂತಿದೆ. ಲೈನಿಂಗ್ ರವಿಕೆಗೆ ಸಾಮಾನು 75, ಮಜೂರಿ 120 ಬೀಳುತ್ತದೆ ಎನ್ನೋಣ. ಎಲ್ಲ ಸೇರಿ 297. 450ರಲ್ಲಿ ಉಳಿಯುವುದು 153. ಸಾದಾ ರವಿಕೆಗೆ ಸಾಮಾನು 20, ಮಜೂರಿ 90, ಮೇಲಿನ ಭಾರ 102, ಒಟ್ಟು 212. 250ರಲ್ಲಿ ಉಳಿಯುವುದು 38 ರೂಪಾಯಿ. ಅಳತೆ ತೆಗೆದು, ಕಟಿಂಗ್ ಮಾಡಿ, ಟ್ರಯಲ್ ನೋಡಿ, ತೋಳು ಬಿಗಿಯಾಯಿತೆಂದರೆ ಬಿಚ್ಚಿ ಹೊಲಿಯುವ ಒಡತಿಯ ಶ್ರಮಕ್ಕೆ ಸಿಗುವುದು ಅಷ್ಟೇ. ಹಾಗೆಂದು ಸಾದಾ ರವಿಕೆಯನ್ನು ಬಿಟ್ಟುಬಿಟ್ಟರೆ 102ರ ಭಾರ ಕರಗುವುದಿಲ್ಲ, ಉಳಿದ ಬಟ್ಟೆಗಳ ಮೇಲೆ ಹೋಗಿ ಕೂರುತ್ತದೆ. ಕೆಲಸ ಕಡಿಮೆ ಇರುವ ತಿಂಗಳಲ್ಲಿ 250ಕ್ಕೂ ಒಪ್ಪಿಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ಮದುವೆ ಸೀಜನ್ನಿನಲ್ಲಿ ಕೈತುಂಬ ಲೈನಿಂಗ್ ರವಿಕೆ ಇರುವಾಗ ಅದೇ ದರಕ್ಕೆ ಸಾದಾ ರವಿಕೆ ಹಿಡಿದರೆ 153 ಗಳಿಸುವ ಸಮಯವನ್ನು 38ಕ್ಕೆ ಕೊಟ್ಟಂತೆ. ದರ 280 ಮಾಡಿದರೆ 300 ರವಿಕೆಗೆ 9,000 ಹೆಚ್ಚು ಬರುತ್ತದೆ. ಗಿರಾಕಿ ಎಷ್ಟು ಜನ ಕೈಬಿಡಬಹುದು ಎಂಬ ಅಂದಾಜು ಪೇಟೆ ಗೊತ್ತಿರುವ ಒಡತಿಗೇ ಬಿಟ್ಟದ್ದು.

ಈ ಪಟ್ಟಿಗಳನ್ನು ಕೇಳುವ ಹೊರಗಿನವರಲ್ಲಿ ಮೊದಲಿಗರು ಬ್ಯಾಂಕಿನವರು. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಇದೆ. ಅದರಲ್ಲಿ ಮೊದಲ ಹಂತಕ್ಕೆ ಒಂದು ಲಕ್ಷ, ನಂತರ ಎರಡು ಲಕ್ಷದವರೆಗೆ ಶೇ 5ರ ಬಡ್ಡಿಯಲ್ಲಿ ಸಾಲ ಸಿಗುತ್ತದೆ. ಇಂಥ ಯೋಜನೆಗಳಾಚೆ ದೊಡ್ಡ ಸಾಲ ಕೇಳಿದಾಗ ಬ್ಯಾಂಕ್ ಲೆಕ್ಕಪತ್ರ ನೋಡುತ್ತದೆ. ಸವಕಳಿ ಸೇರಿಸಿದ ಲಾಭ 2,03,000ದಲ್ಲಿ ಮನೆಗೆ 1,44,000 ಹೋದರೆ ಉಳಿಯುವುದು 59,000. ಹೊಸ ಸಾಲದ ಅಸಲಿನ ಕಂತು ಈ 59,000ದೊಳಗೆ ಇರಬೇಕು, ಹೊಸ ಬಡ್ಡಿಯೂ ಅದರಲ್ಲೇ ಹೋಗಬೇಕು. ವರ್ಷಕ್ಕೆ 80,000 ಕಟ್ಟುವ ಸಾಲಕ್ಕೆ ಕೈಹಾಕುವ ಮುಂಚೆ ಒಡತಿಯೇ ಇದನ್ನು ನೋಡಿಕೊಂಡರೆ ಒಳ್ಳೆಯದು.

ತೆರಿಗೆ ಇಲಾಖೆಯ ವಿಚಾರದಲ್ಲಿ ಗೊಂದಲ ಸ್ವಲ್ಪ ಹೆಚ್ಚು. 2024–25ರ ಗಳಿಕೆಗೆ ಅನ್ವಯಿಸುವ 1961ರ ಆದಾಯ ತೆರಿಗೆ ಕಾಯ್ದೆಯ 44ಎಡಿ ಕಲಂ ಪ್ರಕಾರ, ವಹಿವಾಟು ಎರಡು ಕೋಟಿಯೊಳಗಿರುವ ಸಣ್ಣ ವ್ಯಾಪಾರಿ ಪುಸ್ತಕ ಇಡದೆಯೇ ವಹಿವಾಟಿನ ಶೇ 8ನ್ನು ಲಾಭವೆಂದು ತೋರಿಸಬಹುದು. ಯುಪಿಐ, ಬ್ಯಾಂಕ್ ಮೂಲಕ ಬಂದ ಹಣಕ್ಕೆ ಶೇ 6 ಸಾಕು. ಅದಕ್ಕಿಂತ ಹೆಚ್ಚು ತೋರಿಸುವುದಕ್ಕೂ ಅವಕಾಶವಿದೆ. ಎಲ್ಲವೂ ನಗದಿನಲ್ಲೇ ಬಂದಿದೆ ಎಂದುಕೊಂಡರೆ ಐದು ಲಕ್ಷಕ್ಕೆ ಶೇ 8 ಎಂದರೆ 40,000. ರಿಟರ್ನ್ ತುಂಬಿಕೊಡುವವರು ಆ 40,000ವನ್ನೇ ಬರೆದುಬಿಟ್ಟರೆ ಸಾಲಕ್ಕೆ ಹೋದಾಗ ಪೇಚಾಟ ಶುರುವಾಗುತ್ತದೆ. ಕೈಯಲ್ಲಿರುವ ಪಟ್ಟಿ 1,87,500 ಎನ್ನುತ್ತದೆ, ರಿಟರ್ನ್ 40,000 ಎನ್ನುತ್ತದೆ. ವರ್ಷಕ್ಕೆ 1,44,000 ಮನೆಗೆ ಒಯ್ದವರ ಗಳಿಕೆ 40,000 ಹೇಗಾದೀತು ಎಂದು ಬ್ಯಾಂಕ್ ಅಧಿಕಾರಿ ಕೇಳಿದರೆ ಉತ್ತರ ಇರುವುದಿಲ್ಲ. ಈ ಅಂಗಡಿಯ ಒಡತಿಗೆ ಬೇರೆ ಆದಾಯವಿಲ್ಲದಿದ್ದರೆ 1,87,500 ತೋರಿಸಿದರೂ ತೆರಿಗೆ ಬೀಳುವುದಿಲ್ಲ, ಅದು ಎರಡೂವರೆ ಲಕ್ಷದ ಮೂಲ ವಿನಾಯಿತಿಗಿಂತಲೂ ಕಡಿಮೆ. ಪಟ್ಟಿಯಲ್ಲಿ ಬಂದ ಲಾಭವನ್ನೇ ರಿಟರ್ನ್‌ನಲ್ಲೂ ಬರೆದು, ಎರಡನ್ನೂ ಬಿಲ್ ಬುಕ್ಕಿನ ಜೊತೆ ಒಂದೇ ಫೈಲಿನಲ್ಲಿ ಇಟ್ಟುಕೊಂಡರೆ ಮುಂದಿನ ಸಾಲದ ಅರ್ಜಿಗೆ ಬೇಕಾದ ಕಾಗದಗಳ ಬಹುಪಾಲು ಅಲ್ಲೇ ಸಿದ್ಧವಿರುತ್ತದೆ.